ಹಳೆಯ ಗಿರಾಕಿಯ ಕಣ್ಣು ಏನನ್ನು ಹುಡುಕುತ್ತದೆ?

ಕಿರಾಣಿ ಅಂಗಡಿಯ ಮುಂದೆ ನಿಂತು, ವಯಸ್ಸಾದವರು ಸಾಮಾನು ಕೇಳುವ ರೀತಿಯನ್ನು ಸ್ವಲ್ಪ ಹೊತ್ತು ಗಮನಿಸಿ. ಕಂಪನಿಯ ಹೆಸರು ಅವರ ಬಾಯಿಗೆ ಬರುವುದು ಕಡಿಮೆ. ‘ಆ ಹಸಿರು ಪೊಟ್ಟಣದ ಊದುಬತ್ತಿ ಕೊಡಪ್ಪಾ’ ಎನ್ನುತ್ತಾರೆ, ‘ಮಗು ಚಿತ್ರ ಇರೋ ಬಿಸ್ಕತ್ತು’ ಎನ್ನುತ್ತಾರೆ, ‘ಕೆಂಪು ಡಬ್ಬಿಯ ಹಲ್ಲುಪುಡಿ’ ಎನ್ನುತ್ತಾರೆ. ಆ ವ್ಯಾಪಾರವನ್ನು ಕಟ್ಟಿದ ಮನೆತನಕ್ಕೆ ಹೆಸರೇ ಸರ್ವಸ್ವ. ಕೊಳ್ಳುವವರಿಗೆ ಮಾತ್ರ ಒಂದು ಬಣ್ಣ, ಒಂದು ಚಿತ್ರ, ಒಂದು ವಾಸನೆ. ಅಜ್ಜ ಶುರುಮಾಡಿದ ಅಂಗಡಿಗೆ ಮೊಮ್ಮಕ್ಕಳು ಹೊಸ ರೂಪ ಕೊಡಲು ಹೊರಟಾಗ ಎಡವುವುದು ಹೆಚ್ಚಾಗಿ ಇಲ್ಲಿಯೇ. ಮನೆಯವರು ತಮಗೆ ಮುಖ್ಯವಾದದ್ದನ್ನು ಉಳಿಸಿಕೊಂಡು, ಗಿರಾಕಿಗೆ ಮುಖ್ಯವಾದದ್ದನ್ನು ತೆಗೆದುಬಿಡುತ್ತಾರೆ.

ಹೆಸರು ಮತ್ತು ಮುಖ ಬೇರೆಬೇರೆ ಎಂಬುದಕ್ಕೆ ನಮ್ಮೆಲ್ಲರ ಮನೆಯಲ್ಲೂ ಸಾಕ್ಷಿ ಇದೆ. ಮುಂಬಯಿಯ ವಿಲೇಪಾರ್ಲೆಯಲ್ಲಿ 1929ರಲ್ಲಿ ಆರಂಭವಾದ ಪಾರ್ಲೆ, ಚೌಹಾಣ್ ಮನೆತನದ ವ್ಯಾಪಾರ. ಅವರ ಗ್ಲೂಕೋಸ್ ಬಿಸ್ಕತ್ತಿನ ಹೆಸರು ಮೊದಲು ‘ಪಾರ್ಲೆ ಗ್ಲೂಕೋ’. ಅದು ಜನಪ್ರಿಯವಾದಂತೆ ಗ್ಲೂಕೋ, ಗ್ಲೂಕೋಸ್ ಎಂಬ ಹೆಸರಿನ ಬಿಸ್ಕತ್ತುಗಳು ಮಾರುಕಟ್ಟೆಯಲ್ಲಿ ತುಂಬಿಕೊಂಡವು. ಗ್ಲೂಕೋಸ್ ಎನ್ನುವುದು ಯಾರೂ ಬಳಸಬಹುದಾದ ಪದ, ಅದನ್ನು ಒಬ್ಬರೇ ಹಿಡಿದಿಟ್ಟುಕೊಳ್ಳುವಂತಿಲ್ಲ. 1980ರ ದಶಕದಲ್ಲಿ ಅವರು ಹೆಸರನ್ನೇ ‘ಪಾರ್ಲೆ-ಜಿ’ ಎಂದು ಬದಲಿಸಿದರು. ಬಿಳಿ-ಹಳದಿ ಪಟ್ಟೆ ಮತ್ತು ಮಗುವಿನ ಚಿತ್ರ ಹಾಗೆಯೇ ಉಳಿದವು. ಮುಂದೆ ಮೇಣದ ಕಾಗದ ಹೋಗಿ ಪ್ಲಾಸ್ಟಿಕ್ ಹೊದಿಕೆ ಬಂದಾಗಲೂ ಅದೇ ಪಟ್ಟೆ, ಅದೇ ಮಗು. ಹೆಸರು ಬದಲಾಯಿತು, ಕಾಗದ ಬದಲಾಯಿತು, ಆದರೂ ಕೊಳ್ಳುವವರಿಗೆ ಅದು ಹಳೆಯ ಬಿಸ್ಕತ್ತೇ.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ಅಮೆರಿಕದಲ್ಲಿ ನಡೆಯಿತು. ಟ್ರೋಪಿಕಾನಾ ಕಿತ್ತಳೆ ರಸ ಮನೆತನದ ವ್ಯಾಪಾರವಲ್ಲ, ಆಗ ಅದು ಪೆಪ್ಸಿಕೋ ಒಡೆತನದಲ್ಲಿತ್ತು. ಆದರೂ ಇಷ್ಟು ಸ್ಪಷ್ಟವಾದ ಪಾಠ ಬೇರೆ ಕಡೆ ಸಿಗುವುದಿಲ್ಲ. ಅದರ ಡಬ್ಬಿಯ ಮೇಲೆ, ಹಣ್ಣಿಗೇ ನೇರವಾಗಿ ಹೀರುಕೊಳವೆ ಚುಚ್ಚಿದ ಕಿತ್ತಳೆಯ ಚಿತ್ರವಿತ್ತು. 2009ರ ಜನವರಿಯಲ್ಲಿ ಆ ಚಿತ್ರ ತೆಗೆದು ಒಂದು ಲೋಟ ರಸದ ಚಿತ್ರ ಹಾಕಿದರು, ಅಕ್ಷರಗಳನ್ನು ತೆಳ್ಳಗೆ ಮಾಡಿ ಅಡ್ಡಕ್ಕಿದ್ದ ಹೆಸರನ್ನು ಉದ್ದಕ್ಕೆ ತಿರುಗಿಸಿದರು. ಹೆಸರು ಅದೇ, ರಸವೂ ಅದೇ. ಎರಡು ತಿಂಗಳು ತುಂಬುವುದರೊಳಗೆ ಮಾರಾಟ ಸುಮಾರು ಶೇ. 20ರಷ್ಟು ಕುಸಿದು, ಫೆಬ್ರವರಿ ಮುಗಿಯುವ ಮುನ್ನವೇ ಹಳೆಯ ಡಬ್ಬಿಗೆ ಮರಳುವುದಾಗಿ ಕಂಪನಿ ಪ್ರಕಟಿಸಿತು. ಕೆಲವರಿಗೆ ಹೊಸ ಡಬ್ಬಿ ಅಗ್ಗದ ಸರಕಿನಂತೆ ಕಂಡಿತು. ಇನ್ನು ಕೆಲವರಿಗೆ ಅದು ಕಣ್ಣಿಗೇ ಬೀಳಲಿಲ್ಲ. ಕಪಾಟಿನ ಮುಂದೆ ನಿಂತವರು ಕಿತ್ತಳೆಯನ್ನು ಹುಡುಕಿ, ಸಿಗದೆ, ಪಕ್ಕದ ಡಬ್ಬಿಗೆ ಕೈ ಹಾಕಿದರು.

ಹಾಗಾದರೆ ನಮ್ಮ ಅಂಗಡಿಯ ಕಿತ್ತಳೆ ಹಣ್ಣು ಯಾವುದು? ಇದನ್ನು ಊಹೆಯಿಂದ ಹೇಳಲಾಗದು, ಅದರಲ್ಲೂ ಮನೆಯವರು ಹೇಳಲಾರರು. ಕಂಡುಕೊಳ್ಳುವ ದಾರಿ ಮಾತ್ರ ಕಷ್ಟದ್ದಲ್ಲ. ಒಂದು ಕಾಫಿಪುಡಿ ಅಂಗಡಿಯನ್ನು ಕಲ್ಪಿಸಿಕೊಂಡು ನೋಡೋಣ. ಹಾಸನದಂಥ ಊರಿನ ಪೇಟೆಬೀದಿ. ಅರವತ್ತು ವರ್ಷದ ಅಂಗಡಿ, ಈಗ ಮೂರನೆಯ ತಲೆಮಾರು. ಬೋರ್ಡಿನ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಹೆಸರು, ಹಿಂಬದಿಯಲ್ಲಿ ಹುರಿಯುವ ಯಂತ್ರ, ಎದುರಲ್ಲಿ ಬೀಸುವ ಯಂತ್ರ. ಪುಡಿಯನ್ನು ಕಂದು ಕಾಗದದ ಚೀಲಕ್ಕೆ ತುಂಬಿ ದಾರ ಕಟ್ಟಿ ಕೊಡುತ್ತಾರೆ. ಚೀಲದ ಮೇಲೆ ಹಸಿರು ಶಾಯಿಯಲ್ಲಿ ಆನೆಯ ಚಿತ್ರ, ಅದರ ಪಕ್ಕ ಅಜ್ಜನ ಭಾವಚಿತ್ರ.

ಹೊಸ ವಿನ್ಯಾಸಕ್ಕೆ ಒಂದು ರೂಪಾಯಿ ಖರ್ಚು ಮಾಡುವ ಮುನ್ನ, ಮೂವತ್ತು ನಲವತ್ತು ವಾಡಿಕೆ ಗಿರಾಕಿಗಳಿಗೆ ಬಿಳಿ ಹಾಳೆ ಮತ್ತು ಬಣ್ಣದ ಪೆನ್ಸಿಲ್ ಕೊಟ್ಟು, ನಮ್ಮ ಚೀಲ ಹೇಗಿದೆ ಎಂದು ನೆನಪಿನಿಂದ ಬರೆದು ತೋರಿಸಿ ಎಂದು ಕೇಳಬೇಕು. ಚೀಲ ಅವರ ಕಣ್ಣೆದುರು ಇರಬಾರದು. ಚಿತ್ರ ಚೆನ್ನಾಗಿರಬೇಕಿಲ್ಲ. ಬರೆಯಲು ಸಂಕೋಚ ಪಡುವವರು ಬಾಯಲ್ಲಿ ಹೇಳಿದರೂ ಆಯಿತು. ಏನು ಚೆನ್ನಾಗಿದೆ ಎಂದು ಮಾತ್ರ ಕೇಳಕೂಡದು. ಹಾಗೆ ಕೇಳಿದರೆ ನಮ್ಮ ಜನ ಮರ್ಯಾದೆಗೆ ಎಲ್ಲವೂ ಚೆನ್ನಾಗಿದೆ ಎಂದುಬಿಡುತ್ತಾರೆ. ಹಾಳೆಗಳನ್ನು ಒಟ್ಟು ಮಾಡಿ, ಯಾವುದು ಎಷ್ಟು ಮಂದಿಯ ಚಿತ್ರದಲ್ಲಿ ಬಂದಿದೆ ಎಂದು ಎಣಿಸಬೇಕು. ನಮ್ಮ ಕಲ್ಪನೆಯ ಅಂಗಡಿಯಲ್ಲಿ ಆನೆ ಹೆಚ್ಚು ಕಡಿಮೆ ಎಲ್ಲರಿಗೂ ನೆನಪಿದೆ, ಹಸಿರು ಬಣ್ಣ ಬಹಳ ಮಂದಿಗೆ ನೆನಪಿದೆ ಎಂದಿಟ್ಟುಕೊಳ್ಳಿ. ದಾರದ ಗಂಟನ್ನೂ ಅರ್ಧದಷ್ಟು ಜನ ಬರೆದಿದ್ದಾರೆ. ಅಜ್ಜನ ಭಾವಚಿತ್ರ ಇಬ್ಬರ ಹಾಳೆಯಲ್ಲಿ ಮಾತ್ರ ಇದೆ.

ಇಂಥ ಫಲಿತಾಂಶ ಮನೆಯೊಳಗೆ ನೋವು ತರುತ್ತದೆ, ತರುವುದು ಸಹಜ. ಅಜ್ಜನ ಚಿತ್ರವನ್ನು ತೆಗೆಯುವ ಮಾತೆತ್ತಿದರೆ ದೊಡ್ಡಪ್ಪನವರು ಊಟ ಬಿಟ್ಟು ಏಳಬಹುದು. ತೆಗೆಯಲೇಬೇಕೆಂದು ನಾನು ಹೇಳುತ್ತಿಲ್ಲ. ಅಂಗಡಿಯೊಳಗೆ ಗಲ್ಲಾದ ಮೇಲೆ ಹಾರ ಹಾಕಿದ ಚಿತ್ರವಾಗಿ ಅದು ಇರಲಿ, ಚೀಲದ ಹಿಂಬದಿಯಲ್ಲೂ ಇರಲಿ. ಆದರೆ ಎದುರುಮುಖದಲ್ಲಿ ಅದಕ್ಕೆ ಜಾಗ ಮಾಡಲು ಆನೆಯನ್ನು ಚಿಕ್ಕದು ಮಾಡಿದರೆ, ಅಥವಾ ಹಸಿರನ್ನು ಬಿಟ್ಟು ಈಗಿನ ಫ್ಯಾಷನ್ನಿನ ಕಪ್ಪು-ಬಂಗಾರದ ಬಣ್ಣ ಹಿಡಿದರೆ, ಗಿರಾಕಿಯ ಕಣ್ಣಿಗಿದ್ದ ಆಸರೆ ತಪ್ಪುತ್ತದೆ. ಮೊಮ್ಮಕ್ಕಳದು ಇದಕ್ಕೆ ತಿರುಗಾದ ತಪ್ಪು. ಅವರಿಗೆ ದಾರ ಕಟ್ಟುವುದು ಹಳೆಯ ಕಾಲದ ಗೊಡ್ಡು ಕೆಲಸವಾಗಿ ಕಾಣುತ್ತದೆ. ಚಿತ್ರ ಬರೆದವರಲ್ಲಿ ಅರ್ಧ ಜನರಿಗೆ ಅದು ಅಂಗಡಿಯ ಸಹಿ.

ಆನೆ ಉಳಿಯಬೇಕು ಎಂದರೆ ಗೆರೆಗೆ ಗೆರೆ ಹಾಗೆಯೇ ಉಳಿಯಬೇಕೆಂದಲ್ಲ. ಹಳೆಯ ಅಚ್ಚಿನಲ್ಲಿ ಸವೆದು ಮಸುಕಾದ ಗೆರೆಗಳನ್ನು ತಿದ್ದಬಹುದು, ಮೊಬೈಲಿನ ಪುಟ್ಟ ಚೌಕದಲ್ಲೂ ಕಾಣುವಂತೆ ಸರಳ ಮಾಡಬಹುದು. ಆನೆ ಯಾವ ಕಡೆ ಮುಖ ಮಾಡಿದೆ, ಸೊಂಡಿಲು ಮೇಲಿದೆಯೋ ಕೆಳಗಿದೆಯೋ, ಚೀಲದ ಯಾವ ಭಾಗದಲ್ಲಿ ನಿಂತಿದೆ, ಇವು ಮೂರು ಬದಲಾಗಬಾರದು. ತಿದ್ದಿದ ಚಿತ್ರವನ್ನು ಪರೀಕ್ಷಿಸುವುದೂ ಸುಲಭ. ಹೊಸ ಚೀಲವನ್ನು ಬೇರೆ ಅಂಗಡಿಗಳ ನಾಲ್ಕೈದು ಚೀಲಗಳ ನಡುವೆ ಇಟ್ಟು, ಎಲ್ಲದರ ಮೇಲಿನ ಹೆಸರನ್ನೂ ಕಾಗದದಿಂದ ಮುಚ್ಚಿ, ಆರೇಳು ಅಡಿ ದೂರದಿಂದ ಹಿರಿಯರಿಗೆ ತೋರಿಸಬೇಕು. ಕನ್ನಡಕ ತೆಗೆದಿಟ್ಟು ನೋಡಲಿ. ತಡವರಿಸದೆ ಬೆರಳು ತೋರಿಸಿದರೆ ಚಿತ್ರ ಗೆದ್ದಂತೆ.

ಅಕ್ಷರದ ವಿಷಯವನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಹಿರಿಯರಿಗೆ ನೇರವಾಗಿ ಪೆಟ್ಟು ಬೀಳುವುದು ಅಲ್ಲಿ. ಕೆನೆಬಣ್ಣದ ಹಿನ್ನೆಲೆಯ ಮೇಲೆ ತೆಳ್ಳಗಿನ ಬೂದು ಅಕ್ಷರ ಕಂಪ್ಯೂಟರ್ ಪರದೆಯಲ್ಲಿ ಅಂದವಾಗಿ ಕಾಣುತ್ತದೆ. ಪೊರೆ ಬಂದ ಕಣ್ಣಿಗೆ, ಸಂಜೆಯ ಅಂಗಡಿಯ ಬೆಳಕಿನಲ್ಲಿ, ಅದು ಖಾಲಿ ಚೀಲ. ಕನ್ನಡದ ಹೆಸರನ್ನು ಕಿರಿದು ಮಾಡಿ ಇಂಗ್ಲಿಷನ್ನು ಎದುರಿಗೆ ತರುವುದು ಇನ್ನೊಂದು ಚಾಳಿ. ಹೊರಊರಿನ ಹೊಸ ಗಿರಾಕಿಗೆ ಇಂಗ್ಲಿಷ್ ಬೇಕು ಎಂಬುದು ನಿಜ, ಅದಕ್ಕೆ ಜಾಗ ಮಾಡೋಣ. ಆದರೆ ಅರವತ್ತು ವರ್ಷ ಕನ್ನಡದಲ್ಲಿ ಓದಿಸಿಕೊಂಡ ಹೆಸರು ಎರಡನೆಯ ಸಾಲಿಗೆ ಇಳಿದರೆ, ಈ ಅಂಗಡಿ ಇನ್ನು ನಮಗಲ್ಲ ಎಂದು ಹಳೆಯವರು ಓದಿಕೊಳ್ಳುತ್ತಾರೆ.

ಈಗ ಚೀಲದ ಒಳಗಿನ ಮಾತು. ಮೊಮ್ಮಕ್ಕಳು ಕಾಗದ ಬಿಟ್ಟು ಪದರಪದರದ ಹೊಸ ಪೌಚ್ ತರಬೇಕೆನ್ನುವುದಕ್ಕೆ ಒಳ್ಳೆಯ ಕಾರಣವಿದೆ. ಕಾಗದದ ಚೀಲದಲ್ಲಿ ಗಾಳಿಯೂ ತೇವವೂ ಆಡುತ್ತವೆ, ಪುಡಿಯ ಪರಿಮಳ ಕೆಲವು ದಿನಗಳಲ್ಲೇ ಕುಂದುತ್ತದೆ. ಊರಾಚೆಗೆ ಕೊರಿಯರ್ ಮಾಡಬೇಕಾದರೆ ಗಾಳಿಯಾಡದ ಪೌಚೇ ಬೇಕು. ಇನ್ನೊಂದು ತೊಡಕೆಂದರೆ, ಹೊಸದಾಗಿ ಹುರಿದ ಕಾಫಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತಲೇ ಇರುತ್ತದೆ. ಬೀಸಿದ ಕೂಡಲೇ ಬಿಗಿಯಾಗಿ ಮುಚ್ಚಿದರೆ ಪೌಚ್ ಉಬ್ಬುತ್ತದೆ. ಉಬ್ಬಿದ ಪೊಟ್ಟಣವನ್ನು ಕೆಟ್ಟ ಪದಾರ್ಥವೆಂದು ನಮ್ಮವರು ವಾಪಸು ಕೊಡುತ್ತಾರೆ. ಅದಕ್ಕಾಗಿಯೇ ಒಳಗಿನ ಅನಿಲ ಹೊರಹೋಗಿ ಹೊರಗಿನ ಗಾಳಿ ಒಳಬಾರದಂಥ ಒಮ್ಮುಖದ ಪುಟ್ಟ ವಾಲ್ವ್ ಇರುವ ಪೌಚುಗಳು ಬಂದಿವೆ.

ಆದರೆ ಕಾಗದದ ಚೀಲ ಮಾಡುತ್ತಿದ್ದ ಒಂದು ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಅದು ಸೋರುತ್ತಿತ್ತು. ಬಿಸಿಬಿಸಿ ಪುಡಿಯ ಚೀಲ ಕೈಯಲ್ಲಿ ಹಿಡಿದು ಮನೆಗೆ ಹೋಗುವವರೆಗೂ ದಾರಿಯುದ್ದಕ್ಕೂ ಘಮ. ಪೌಚ್ ಬಂದ ದಿನ ಆ ಘಮ ನಿಲ್ಲುತ್ತದೆ. ಆಗ ಹಿರಿಯರ ಬಾಯಲ್ಲಿ ಬರುವ ಮಾತು, ‘ಪುಡಿ ಮೊದಲಿನ ಹಾಗಿಲ್ಲ’. ಬೆರಕೆ ಅದೇ ಇರುತ್ತದೆ, ಹುರಿದ ಹದ ಅದೇ ಇರುತ್ತದೆ. ಹೇಳುವವರೂ ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ರುಚಿ ಬೇರೆಯಾಗಿದೆ. ಕೋಕಾ-ಕೋಲಾ 2011ರಲ್ಲಿ ಹಿಮಕರಡಿಗಳ ಸಂರಕ್ಷಣೆಯ ಪ್ರಚಾರಕ್ಕಾಗಿ ಅಮೆರಿಕದಲ್ಲಿ ಕೆಂಪು ಡಬ್ಬಿಯ ಬದಲು ಬಿಳಿ ಡಬ್ಬಿ ತಂದಾಗ, ಒಳಗಿನ ಪಾನೀಯ ಬದಲಾಗದಿದ್ದರೂ ರುಚಿ ಬೇರೆಯಾಗಿದೆ ಎಂದು ಕೆಲವರು ದೂರಿದರು. ಡಯಟ್ ಕೋಕ್ ಎಂದು ತಪ್ಪು ತಿಳಿದವರೂ ಇದ್ದರು. ಯೋಜಿಸಿದ್ದಕ್ಕಿಂತ ಮೊದಲೇ ಕಂಪನಿ ಕೆಂಪು ಡಬ್ಬಿಗೆ ಮರಳಬೇಕಾಯಿತು. ನಾಲಿಗೆ ಒಂಟಿಯಾಗಿ ರುಚಿ ನೋಡುವುದಿಲ್ಲ, ಕಣ್ಣು ಮೂಗುಗಳನ್ನೂ ಕೇಳಿಯೇ ತೀರ್ಮಾನಿಸುತ್ತದೆ.

ಇದರಿಂದ ಒಂದು ಕಟ್ಟುನಿಟ್ಟು ಹುಟ್ಟುತ್ತದೆ. ಹೊದಿಕೆ ಮತ್ತು ಬೆರಕೆಯನ್ನು ಒಟ್ಟಿಗೆ ಬದಲಿಸಕೂಡದು. ಬೀಜದ ಬೆಲೆ ಏರಿದೆ ಎಂದು, 80ಕ್ಕೆ 20 ಇದ್ದ ಕಾಫಿ-ಚಿಕೋರಿ ಬೆರಕೆಯನ್ನು ಹೊಸ ಪೌಚಿನ ಸಂದರ್ಭ ನೋಡಿ 70ಕ್ಕೆ 30 ಮಾಡಿಬಿಡುವ ಆಸೆ ಹುಟ್ಟಬಹುದು. ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸುವುದು ಕಾನೂನಿನಂತೆ ಕಡ್ಡಾಯ, ಅದು 49ರ ಮಿತಿಯನ್ನು ದಾಟುವಂತೆಯೂ ಇಲ್ಲ. ಹಾಗಾಗಿ ಅಂಕಿ ಹೇಗೂ ಬಯಲಾಗುತ್ತದೆ. ಅಂಕಿ ಓದದವರಿಗೂ ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಇಳಿದಾಗ ತಿಳಿಯುತ್ತದೆ. ಹೊದಿಕೆ ಮಾತ್ರ ಬದಲಾಗಿದ್ದರೆ, ‘ಪುಡಿ ಅದೇ ಅಮ್ಮಾ, ನೀವೇ ಕುಡಿದು ನೋಡಿ’ ಎಂದು ಗಲ್ಲಾದಲ್ಲಿ ಕುಳಿತವರು ನೆಮ್ಮದಿಯಿಂದ ಹೇಳಬಹುದು. ಎರಡೂ ಬದಲಾಗಿದ್ದರೆ ಆ ಮಾತು ಹೇಳುವ ಹಕ್ಕೇ ಹೋಗುತ್ತದೆ. ಬೆರಕೆ ಬದಲಿಸಲೇಬೇಕಾದರೆ ಕೆಲವು ತಿಂಗಳು ಬಿಟ್ಟು, ಹೊಸ ಹೆಸರಿನಲ್ಲಿ, ಹಳೆಯದರ ಪಕ್ಕದಲ್ಲಿ ಇಡಲಿ.

ನಮ್ಮ ನಾಡಿನ ಹಳೆಯ ಮನೆತನಗಳಲ್ಲಿ ಬದಲಾವಣೆಯನ್ನು ಚೆನ್ನಾಗಿ ನಡೆಸಿದವರೆಂದರೆ ನನಗೆ ಮೊದಲು ನೆನಪಾಗುವುದು ಬೆಂಗಳೂರಿನ ಎಂಟಿಆರ್. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದಾಗ ಅದರ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದಾಗ ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. ಒಂದೇ ಸಲಕ್ಕೆ ಜಾಗವೂ ಹೆಸರೂ ಬದಲಾದವು. ನನ್ನ ಮಟ್ಟಿಗೆ ಇಲ್ಲಿನ ವಿಶೇಷ ಇಷ್ಟು: ಹೊಸತನವನ್ನು ಅವರು ಹುಡುಕಿದ್ದು ಗಿರಾಕಿಗಳು ಆಗಲೇ ನಂಬಿದ್ದ ಗುಣದಲ್ಲಿ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ಸುತ್ತಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದವರು. ಅಲ್ಲಿಂದ ಅವರು ತಂದದ್ದು ಅಡುಗೆಮನೆಯ ಶುಚಿತ್ವದ ಕ್ರಮ. ಪಾತ್ರೆಗಳನ್ನು ಬಿಸಿಹಬೆಯಿಂದ ತೊಳೆಯುವ ಏರ್ಪಾಟು ಬಂತು, ಊಟಕ್ಕೆ ಬಂದವರು ಅಡುಗೆಮನೆಯನ್ನು ಕಣ್ಣಾರೆ ನೋಡುತ್ತಾ ಹೋಗುವ ರೂಢಿ ಬಂತು. ಮಡಿ, ಶುಚಿ ಎಂದು ಬರುತ್ತಿದ್ದ ಹಿರಿಯರಿಗೆ ಇದು ತಮ್ಮದೇ ಮಾತಿನ ಮುಂದುವರಿಕೆ, ಹೊಸ ಪೀಳಿಗೆಗೆ ಆಧುನಿಕ ಹೋಟೆಲು. ರವೆ ಇಡ್ಲಿಯ ಕಥೆಯೂ ಅಂಥದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ಹುಟ್ಟಿದ ತಿಂಡಿ ಅದು. ಇಡ್ಲಿಯ ಆಕಾರ, ಇಡ್ಲಿಯ ಪಾತ್ರೆ, ಬದಲಾದದ್ದು ಹಿಟ್ಟು.

ಅದೇ ಮನೆತನದಿಂದ ಇನ್ನೊಂದನ್ನೂ ತಿಳಿಯಬಹುದು. ಪೊಟ್ಟಣದ ಆಹಾರದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾಕ್ಕೆ ಮಾರಾಟವಾಯಿತು, ಹೋಟೆಲು ಮನೆತನದಲ್ಲಿಯೇ ಉಳಿಯಿತು. ಮಾರಿದ ಸದಾನಂದ ಮಯ್ಯರು ಮುಂದೆ ‘ಮಯ್ಯಾಸ್’ ಎಂಬ ಹೆಸರಿನಲ್ಲಿ ಹೊಸ ವ್ಯಾಪಾರ ಕಟ್ಟಿದರು. ಹೆಸರೆನ್ನುವುದು ಮನೆಯವರ ಮೈಗೆ ಅಂಟಿಕೊಂಡದ್ದಲ್ಲ, ಅದು ಕೈ ಬದಲಿಸಬಲ್ಲ ಆಸ್ತಿ. ಹೊಸ ರೂಪ ಕೊಡುವ ಹೊತ್ತೇ ಆ ಆಸ್ತಿಯ ಕಾಗದಪತ್ರ ತೆಗೆದು ನೋಡಲು ಸರಿಯಾದ ಹೊತ್ತು. ನಮ್ಮ ಕಾಫಿಪುಡಿ ಅಂಗಡಿಯ ಆನೆಯ ಗುರುತು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ತೀರಿಹೋದ ಅಜ್ಜನ ಹೆಸರಿನಲ್ಲೋ, ಈಗಿಲ್ಲದ ಪಾಲುದಾರಿಕೆಯ ಹೆಸರಿನಲ್ಲೋ, ಅಥವಾ ನೋಂದಣಿಯೇ ಆಗಿಲ್ಲವೋ? ಪರ ಊರಿಗೆ ಮಾರಲು ಹೊರಟ ಮೇಲೆ ಅದೇ ಆನೆಯನ್ನು ಇನ್ನೊಬ್ಬರು ನೋಂದಾಯಿಸಿದ್ದು ತಿಳಿದರೆ, ಅಚ್ಚಾದ ಪೌಚುಗಳೆಲ್ಲ ಗೋದಾಮಿನಲ್ಲಿ ಕೂರುತ್ತವೆ.

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಿಸುತ್ತಾ ಹೋಗಬಹುದು. ಕಾಫಿ ಬರುವುದು 30ನೆಯ ವರ್ಗದಲ್ಲಿ. ನೋಂದಾಯಿತ ಚಿತ್ರದ ಸಣ್ಣ ತಿದ್ದುಪಡಿಗೆ 22ನೆಯ ಕಲಮಿನಲ್ಲಿ ಅವಕಾಶವಿದೆ, ಆದರೆ ಗುರುತಿನ ಚಹರೆ ಗಣನೀಯವಾಗಿ ಬದಲಾಗಬಾರದು. ಅದಕ್ಕಿಂತ ಹೆಚ್ಚಿನ ಬದಲಾವಣೆಗೆ ಹೊಸ ಅರ್ಜಿಯೇ ದಾರಿ. ಹಳೆಯ ಗುರುತನ್ನು ಪೂರ್ತಿ ಬಿಟ್ಟುಬಿಡುವವರು ಗಮನಿಸಬೇಕಾದದ್ದು 47ನೆಯ ಕಲಮು. ಐದು ವರ್ಷಕ್ಕೂ ಮೀರಿ ಬಳಸದೆ ಬಿಟ್ಟ ಗುರುತನ್ನು ಪಟ್ಟಿಯಿಂದ ತೆಗೆಸಲು ಬೇರೆಯವರು ಅರ್ಜಿ ಹಾಕಬಹುದು. ಹಳೆಯ ಹಸಿರು ಚೀಲವನ್ನು ಅರ್ಧ ಕಿಲೋದ ಒಂದು ಅಳತೆಯಲ್ಲಾದರೂ ಮಾರುತ್ತಿರುವುದಕ್ಕೆ ಇದು ಗಟ್ಟಿ ಕಾರಣ. ಹಳೆಯ ಗಿರಾಕಿಗೂ ಅದು ಬೇಕಾದದ್ದೇ.

ಎರಡೂ ಜೊತೆಯಾಗಿ ಇರುವ ಕಾಲವನ್ನು ಅವಸರದಲ್ಲಿ ಮುಗಿಸಬಾರದು. ನಮ್ಮ ಅಂಗಡಿಯಲ್ಲಿ ಪೌಚನ್ನು ಮೊದಲು ಕೊರಿಯರಿನ ಗಿರಾಕಿಗಳಿಗೆ ಮಾತ್ರ ಕೊಡಲಿ. ಅವರಿಗೆ ಕಾಗದದ ಚೀಲದ ನೆನಪಿಲ್ಲ, ಹೊಲಿಗೆ ಸರಿಯಿದೆಯೋ ಪೌಚ್ ಉಬ್ಬುತ್ತದೆಯೋ ಎಂಬುದೂ ಅಲ್ಲಿಯೇ ತಿಳಿಯುತ್ತದೆ. ಎದುರುನಿಂತು ಕೊಳ್ಳುವವರಿಗೆ ಕಣ್ಣೆದುರೇ ಬೀಸಿ, ಕಾಗದಕ್ಕೆ ತುಂಬಿ, ದಾರ ಕಟ್ಟಿ ಕೊಡುವ ಪದ್ಧತಿ ಮುಂದುವರಿಯಲಿ. ಬೋರ್ಡನ್ನು ಕೊನೆಗೆ ಬದಲಿಸಲಿ. ಯಂತ್ರದ ಬಳಿ ಇಪ್ಪತ್ತು ವರ್ಷದಿಂದ ನಿಂತಿರುವ ಕೆಲಸದವರನ್ನು ಈ ನಡುವೆ ಹಿಂದಿನ ಕೋಣೆಗೆ ಕಳಿಸಬೇಡಿ. ಯಾರಿಗೆ ಪೀಬರಿ, ಯಾರಿಗೆ ಚಿಕೋರಿ ಇಲ್ಲದ್ದು, ಯಾರಿಗೆ ದಪ್ಪ ಬೀಸಬೇಕು ಎಂಬುದು ಅವರ ತಲೆಯಲ್ಲಿದೆ. ಹೊಸ ಬೋರ್ಡಿನ ಕೆಳಗೆ ಹಳೆಯ ಮುಖ ಕಂಡರೆ ಹಿರಿಯರು ಮೆಟ್ಟಿಲು ಹತ್ತುತ್ತಾರೆ.

ಕೆಲಸ ಕೆಡುತ್ತಿದೆಯೇ ಎಂದು ತಿಳಿಯುವುದು ಹೇಗೆ? ದಿನದ ಒಟ್ಟು ವ್ಯಾಪಾರ ಇದನ್ನು ಹೇಳುವುದಿಲ್ಲ, ಮರೆಸುತ್ತದೆ. ಹೊಸ ರೂಪ ಬಂದ ಹೊಸತರಲ್ಲಿ ಕುತೂಹಲಕ್ಕೆ ಬರುವವರಿಂದ ಗಲ್ಲಾ ತುಂಬುತ್ತದೆ, ಹಳೆಯವರು ಜಾರಿಹೋಗಿದ್ದು ಆ ಸದ್ದಿನಲ್ಲಿ ಕೇಳಿಸುವುದಿಲ್ಲ. ಹಿರಿಯರು ಜಗಳ ಮಾಡುವುದಿಲ್ಲ, ದೂರು ಬರೆಯುವುದಿಲ್ಲ, ಸುಮ್ಮನೆ ಬರುವುದನ್ನು ಬಿಡುತ್ತಾರೆ. ಆದ್ದರಿಂದ ಬದಲಾವಣೆಗೆ ಮೂರು ತಿಂಗಳು ಮೊದಲೇ ನೂರು ವಾಡಿಕೆ ಗಿರಾಕಿಗಳ ಪಟ್ಟಿಯೊಂದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಯಾರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಎಷ್ಟು ಪುಡಿ ಒಯ್ಯುತ್ತಾರೆ ಎಂದು ಗುರುತಿಸಬೇಕು. ತಿಂಗಳಿಗೊಮ್ಮೆ ಬಂದು ಅರ್ಧ ಕಿಲೋ ಒಯ್ಯುತ್ತಿದ್ದವರು ಒಂದೂವರೆ ತಿಂಗಳಾದರೂ ಬರದಿದ್ದರೆ ಫೋನ್ ಮಾಡಿ ವಿಚಾರಿಸಬೇಕು. ಮಗನ ಮನೆಗೆ ಹೋಗಿರಬಹುದು, ವೈದ್ಯರು ಕಾಫಿ ಬಿಡಲು ಹೇಳಿರಬಹುದು. ಆದರೆ ಬದಲಾವಣೆಗೆ ಮೊದಲು ಹೀಗೆ ತಪ್ಪುತ್ತಿದ್ದವರು ನೂರಕ್ಕೆ ನಾಲ್ಕೈದು ಮಂದಿ ಇದ್ದು, ಈಗ ಹದಿನೈದು ಆಗಿದ್ದರೆ, ತೊಡಕು ಅಂಗಡಿಯಲ್ಲೇ ಇದೆ.

ಆಗ ಎಲ್ಲವನ್ನೂ ಹಿಂದಕ್ಕೆ ಎಳೆಯುವ ಗಾಬರಿ ಬೇಡ. ಫೋನಿನಲ್ಲಿ ಬಂದ ಉತ್ತರಗಳನ್ನು ಬೇರೆ ಮಾಡಿ ನೋಡಬೇಕು. ‘ಅಂಗಡಿ ಮುಚ್ಚಿದೆ ಅಂದ್ಕೊಂಡೆ’ ಎನ್ನುವವರು ಹೆಚ್ಚಿದ್ದರೆ ಬೋರ್ಡು ತಪ್ಪಾಗಿದೆ, ಹಳೆಯ ಅಕ್ಷರವೂ ಬಣ್ಣವೂ ಅಲ್ಲಿಗೆ ಮರಳಬೇಕು. ‘ಪುಡಿ ಕೆಟ್ಟಿದೆ’ ಎನ್ನುವವರು ಹೆಚ್ಚಿದ್ದರೆ ಅವರಿಗೆ ಕಾಗದದ ಚೀಲದಲ್ಲಿಯೇ ಕೊಟ್ಟು, ಮುಂದಿನ ಸಲ ಬಂದಾಗ ಕೇಳಬೇಕು. ಆಗಲೂ ಅದೇ ಮಾತು ಬಂದರೆ ಗೊತ್ತಿಲ್ಲದಂತೆ ಹುರಿಯುವ ಹದವೋ ಬೀಜದ ಮಾಲೋ ಬದಲಾಗಿರಬಹುದು, ಹಿಂದಿನ ಕೋಣೆಗೆ ಹೋಗಿ ನೋಡಬೇಕು. ‘ಬೆಲೆ ಜಾಸ್ತಿ ಆಗಿರ್ಬೇಕು ಅಂತ ಬರ್ಲಿಲ್ಲ’ ಎನ್ನುವವರೂ ಇರುತ್ತಾರೆ. ಗಾಜಿನ ಬಾಗಿಲು, ಏಸಿ, ಹಳದಿ ದೀಪ ನೋಡಿಯೇ ಹಿಂದೆ ಸರಿದವರು ಅವರು. ಅವರಿಗಾಗಿ ಬಾಗಿಲನ್ನು ತೆರೆದಿಟ್ಟು, ಇಂದಿನ ದರವನ್ನು ಕಪ್ಪು ಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದು, ಬೀದಿಗೆ ಕಾಣುವಂತೆ ಹೊರಗಿಡಬೇಕು.